ಗೀತಾಪಾರಾಯಣ: ಯಾವ ಶ್ಲೋಕ ಯಾರ ಮಾತು?

ಪ್ರಶ್ನೆ: ಮನೆಯಲ್ಲಿ ನಾಲ್ವರು ಪಾತ್ರ ಹಂಚಿಕೊಂಡು ಗೀತೆ ಓದುತ್ತೇವೆ. ಯಾರ ಸರದಿ ಅನ್ನೋದೇ ಗೊಂದಲ. ಹೇಗೆ ತಿಳಿಯೋದು?

ಉತ್ತರ: ‘ಉವಾಚ’ ಅಂದರೆ ‘ಹೇಳಿದನು’. ಒಬ್ಬರ ‘ಉವಾಚ’ ಬಂದ ಮೇಲೆ ಮುಂದಿನ ‘ಉವಾಚ’ದವರೆಗೆ ಸರದಿ ಅವರದೇ. ಧೃತರಾಷ್ಟ್ರನಿಗಿರೋದು ಮೊದಲ ಶ್ಲೋಕ ಒಂದೇ. ಉಳಿದದ್ದೆಲ್ಲ ಅವನಿಗೆ ಸಂಜಯ ಹೇಳಿದ್ದು. ಕೃಷ್ಣಾರ್ಜುನರ ಸಂವಾದವೂ ಅದರೊಳಗೇ ಬರುತ್ತದೆ. ಹಾಗಾಗಿ ಮೊದಲ ಅಧ್ಯಾಯದ 3ರಿಂದ 11ರವರೆಗಿನ ಶ್ಲೋಕಗಳು ದುರ್ಯೋಧನನ ಮಾತಾದರೂ, ಅವನಿಗೆ ಬೇರೆ ‘ಉವಾಚ’ ಇಲ್ಲ. ಅವನ್ನು ಸಂಜಯನ ಪಾತ್ರದವರೇ ಓದಬೇಕು.

ಹೆಚ್ಚು ತಪ್ಪೋದು ಹನ್ನೊಂದನೇ ಅಧ್ಯಾಯದಲ್ಲಿ. ಅಲ್ಲಿ 15ರಿಂದ 31 ಅರ್ಜುನ, 32ರಿಂದ 34 ಶ್ರೀಭಗವಂತ. 35 ಮಾತ್ರ ಸಂಜಯ. 36ರಿಂದ 46 ಮತ್ತೆ ಅರ್ಜುನ, 47ರಿಂದ 49 ಭಗವಂತ. 50 ಮತ್ತೆ ಸಂಜಯನದು. ಈ ಒಂಟಿ ಶ್ಲೋಕಗಳನ್ನು ಗಮನಿಸದೆ ಹಿಂದಿನವರೇ ಓದಿಬಿಡುತ್ತಾರೆ.

ಗುರುತು ಸುಲಭ. ‘ಪಾರ್ಥ’, ‘ಕೌಂತೇಯ’ ಎಂದು ಕರೆದರೆ ಸಾಮಾನ್ಯವಾಗಿ ಮಾತು ಕೃಷ್ಣನದು; ‘ಕೃಷ್ಣ’, ‘ಜನಾರ್ದನ’ ಎಂದರೆ ಅರ್ಜುನನದು. 35, 50ರಲ್ಲಿ ಇಬ್ಬರ ಪ್ರಸ್ತಾಪವೂ ‘ಅವನು’ ಎಂಬ ಧಾಟಿಯಲ್ಲಿದೆ. ಹಾಗೆ ಬಂದರೆ ಹೇಳುತ್ತಿರುವವನು ಸಂಜಯ. ಓದುವ ಮುನ್ನ ಪುಸ್ತಕದಲ್ಲಿ ‘ಉವಾಚ’ಗಳಿಗೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ.