‘ಎ ಗ್ರೇಡ್’ ಎಂದರೆ ಏನು?

ತಿರುಪ್ಪೂರಿನಲ್ಲಿ ಹಳೆಯ ಫೋನ್ ಮಾರುವ ಕನ್ನಡ ಮನೆಮಾತಿನ ಓದುಗರೊಬ್ಬರದು ನೇರ ಪ್ರಶ್ನೆ: ಪೋಸ್ಟ್‌ನಲ್ಲಿ ‘ಎ ಗ್ರೇಡ್, ವಾರಂಟಿ ಇದೆ’ ಎಂದು ಬರೆದರೂ ಗಿರಾಕಿಗಳು ನಂಬುವುದಿಲ್ಲ, ಏಕೆ?

ಗ್ರೇಡ್ ಎಂಬುದು ಮಾರುವವರ ಅಭಿಪ್ರಾಯ. ಗಿರಾಕಿಗೆ ಬೇಕಾಗಿರುವುದು ಕಣ್ಣಿಗೆ ಕಾಣುವ ಗುರುತು. ಉದಾಹರಣೆಗೆ ಒಂದು ಐಫೋನ್ 11 ಮಾರಾಟಕ್ಕಿದೆ ಎನ್ನಿ. ‘ಬಲ ಅಂಚಿನಲ್ಲಿ ಎರಡು ಗೀರು, ಬ್ಯಾಟರಿ ಸಾಮರ್ಥ್ಯ ಶೇ 84, ಡಿಸ್‌ಪ್ಲೇ ಬದಲಾಗಿದೆ, ನೀರು ತಾಗಿದರೆ ವಾರಂಟಿ ಇಲ್ಲ’ ಎಂದು ಬರೆದು, ಗೀರಿನ ಫೋಟೊವನ್ನೇ ಮೊದಲು ಹಾಕಬೇಕು. ಬದಲಾದದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಿಡಿಭಾಗ ಅಸಲಿಯಲ್ಲದಿದ್ದರೆ ಹೊಸ ಐಒಎಸ್‌ನ ಸೆಟ್ಟಿಂಗ್ಸ್‌ನಲ್ಲಿ Unknown Part ಎಂದು ಕಾಣಿಸಬಹುದು. ಗಿರಾಕಿ ಮನೆಗೆ ಹೋಗಿ ನೋಡಿಯೇ ನೋಡುತ್ತಾರೆ.

ಕಳವಿನ ಭಯಕ್ಕೂ ಉತ್ತರವಿದೆ. *#06# ಒತ್ತಿ ಐಎಂಇಐ ತೋರಿಸಿ, KYM ಎಂದು ಬರೆದು ಜಾಗ ಬಿಟ್ಟು ಆ ಸಂಖ್ಯೆಯನ್ನು 14422ಕ್ಕೆ ಕಳಿಸಲು ಗಿರಾಕಿಗೇ ಹೇಳಲಿ. ಪೂರ್ತಿ ಸಂಖ್ಯೆ ಬಿಲ್ಲಿನಲ್ಲಿರಲಿ, ಪೋಸ್ಟ್‌ನಲ್ಲಿ ಬೇಡ.

ವಾಪಸಾತಿಯ ವಿಷಯದಲ್ಲಿ ಹಲವರು ಎಡವುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನ. ಆದ್ದರಿಂದ ‘ದೋಷ ಕಂಡರೆ 7 ದಿನದೊಳಗೆ ಪೂರ್ತಿ ಹಣ’ ಎಂಬ ಸಾಲು ಪೋಸ್ಟ್‌ನಲ್ಲೂ ಬಿಲ್ಲಿನಲ್ಲೂ ಒಂದೇ ಮಾತಿನಲ್ಲಿರಬೇಕು. ಬನಿಯನ್ ಕಾರ್ಖಾನೆಗಳಿಗೆ ಬಿಹಾರ, ಒಡಿಶಾದಿಂದ ಬಂದವರೂ ಗಿರಾಕಿಗಳಲ್ಲವೇ? ತಮಿಳಿನ ಕೆಳಗೆ ಹಿಂದಿಯಲ್ಲೂ ಆ ಸಾಲನ್ನು ಬರೆಯಲಿ.