ಮೂತ್ರಕೋಶ ತೆಗೆದ ಮೇಲೆ: ಚೀಲದ ಅಳತೆ, ಚರ್ಮದ ಆರೈಕೆ

ಮೂತ್ರಕೋಶ ತೆಗೆದಾಗ ಸಾಮಾನ್ಯವಾಗಿ ಸಣ್ಣ ಕರುಳಿನ ಕೊನೆಯ ಭಾಗದಿಂದ ಸುಮಾರು 15 ಸೆಂ.ಮೀ. ತುಂಡನ್ನು ಬೇರ್ಪಡಿಸಿ, ಎರಡೂ ಮೂತ್ರನಾಳಗಳನ್ನು ಅದಕ್ಕೆ ಜೋಡಿಸುತ್ತಾರೆ. ಅದರ ಇನ್ನೊಂದು ತುದಿ ಹೊಟ್ಟೆಯ ಬಲಭಾಗದಲ್ಲಿ ಹೊರಬರುತ್ತದೆ. ಇದೇ ಸ್ಟೋಮಾ. ತಡೆಹಿಡಿಯುವ ಸ್ನಾಯು ಇಲ್ಲದ ಕಾರಣ ಮೂತ್ರ ಸದಾ ಚೀಲಕ್ಕೆ ಇಳಿಯುತ್ತಿರುತ್ತದೆ. ಕರುಳು ಲೋಳೆ ಸ್ರವಿಸುವುದರಿಂದ ಮೂತ್ರದಲ್ಲಿ ಬಿಳಿ ಎಳೆಗಳು ಕಾಣುವುದು ಸಹಜ.

ಸ್ಟೋಮಾದ ಸುತ್ತಲಿನ ಚರ್ಮ ಉರಿಯಲು ಹೆಚ್ಚಾಗಿ ಅಳತೆಯ ತಪ್ಪೇ ಕಾರಣ. ಶಸ್ತ್ರಚಿಕಿತ್ಸೆಯ ನಂತರದ 6ರಿಂದ 8 ವಾರಗಳಲ್ಲಿ ಊತ ಇಳಿದು ಸ್ಟೋಮಾ ಕುಗ್ಗುತ್ತದೆ. ಆರಂಭದಲ್ಲಿ 35 ಮಿ.ಮೀ. ಇದ್ದದ್ದು 28ಕ್ಕೆ ಇಳಿದಿದ್ದರೂ ಅಂಟುಪಟ್ಟಿಯನ್ನು ಹಳೆಯ ಅಳತೆಗೇ ಕತ್ತರಿಸಿದರೆ, ಸುತ್ತಲೂ ಮೂರೂವರೆ ಮಿ.ಮೀ. ಚರ್ಮ ಹಗಲಿರುಳು ಮೂತ್ರದಲ್ಲಿ ನೆನೆಯುತ್ತದೆ. ಚರ್ಮ ಕೆಂಪಾಗಿ ಒದ್ದೆಯಾದರೆ ಅಂಟು ನಿಲ್ಲದೆ ಸೋರಿಕೆ ಹೆಚ್ಚುತ್ತದೆ. 28 ಮಿ.ಮೀ. ಸ್ಟೋಮಾಕ್ಕೆ 30 ಮಿ.ಮೀ. ರಂಧ್ರ ಕತ್ತರಿಸಿದರೆ ಸಾಕು.

ಬೆಳಿಗ್ಗೆ ಏನೂ ಕುಡಿಯುವ ಮೊದಲು ಮೂತ್ರ ಕಡಿಮೆ ಇರುವುದರಿಂದ ಚೀಲ ಬದಲಿಸಲು ಅದೇ ಸರಿಯಾದ ಸಮಯ. ಚರ್ಮವನ್ನು ಬರೀ ನೀರಿನಿಂದ ತೊಳೆದು, ಒತ್ತಿ ಒರೆಸಿ, ಸ್ಟೋಮಾದ ಮೇಲೆ ಸುತ್ತಿದ ಗಾಜ್ ಬಟ್ಟೆ ಹಿಡಿದುಕೊಂಡರೆ ಚರ್ಮ ಒಣಗಿರುತ್ತದೆ. ಎಣ್ಣೆ, ಪೌಡರ್ ಹಚ್ಚಿದರೆ ಅಂಟು ಹಿಡಿಯದು. ಚೀಲ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಬೇಕು. ರಾತ್ರಿ ಅದಕ್ಕೆ ದೊಡ್ಡ ಚೀಲ ಜೋಡಿಸಿದರೆ ನಿದ್ದೆಗೆ ಅಡ್ಡಿಯಿಲ್ಲ. ಚೀಲ ಧರಿಸಿಯೇ ಸ್ನಾನ, ಪ್ರಯಾಣ ಮಾಡಬಹುದು.

ಆರೋಗ್ಯವಂತ ಸ್ಟೋಮಾ ಒಸಡಿನಂತೆ ಕೆಂಪಾಗಿ, ತೇವವಾಗಿರುತ್ತದೆ. ಅದು ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಕೆಲವು ಗಂಟೆ ಮೂತ್ರವೇ ಬಾರದಿದ್ದರೆ, ಇಲ್ಲವೇ ಚಳಿಜ್ವರದೊಂದಿಗೆ ಸೊಂಟದ ಪಕ್ಕದಲ್ಲಿ ನೋವು ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು.