ಮೊದಲು ನಳದ ನೀರು, ಆಮೇಲೆ ಉಳಿದದ್ದು

ಹೇಮಗುಡ್ಡದ ದಸರೆಗೆ ನೆಂಟರು ಬಂದಿದ್ದಾರೆ, ಒಲೆಯ ಮೇಲೆ ಮಿರ್ಚಿ ಬಾಣಲಿ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಕೈಜಾರಿ ಬಿತ್ತು, ಎಣ್ಣೆ ಬೆರಳುಗಳ ಮೇಲೆ ಸಿಡಿಯಿತು. ಆಗ ನಿಮ್ಮ ಕೈ ಎತ್ತ ಹೋಗುತ್ತದೆ? ಟೂತ್‌ಪೇಸ್ಟಿಗೋ, ಅರಿಷಿಣದ ಡಬ್ಬಿಗೋ? ಅಲ್ಲೇ ತಪ್ಪುತ್ತೇವೆ, ತಾಯಿ.

ಎಣ್ಣೆ ಒರೆಸಿಕೊಂಡ ಮೇಲೂ ಬಿಸಿ ಚರ್ಮದೊಳಗೆ ಇಳಿಯುತ್ತಲೇ ಇರುತ್ತದೆ. ಮೇಲೆ ಏನಾದರೂ ಮೆತ್ತಿದರೆ ಆ ಬಿಸಿ ಒಳಗೇ ಉಳಿಯುತ್ತದೆ; ಮೆತ್ತಿದ್ದನ್ನು ಆಸ್ಪತ್ರೆಯಲ್ಲಿ ತೊಳೆಯುವಾಗ ನೋವು ಇಮ್ಮಡಿ. ಒಲೆ ಆರಿಸಿ, ಬಳೆ, ಉಂಗುರ ತಕ್ಷಣ ತೆಗೆಯಿರಿ. ಬೆರಳು ಊದಿಕೊಂಡರೆ ಆಮೇಲೆ ಬರುವುದಿಲ್ಲ. ಕೈಯನ್ನು ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಉರಿ ನಿಂತಿತೆಂದು ಐದೇ ನಿಮಿಷಕ್ಕೆ ತೆಗೆಯಬೇಡಿ. ನಮ್ಮ ಕಡೆ ಬಿಸಿಲಿಗೆ ಟ್ಯಾಂಕಿನ ನೀರೇ ಕಾದಿರುತ್ತದೆ, ಮೊದಲು ಬೆರಳಿಟ್ಟು ನೋಡಿ. ನಳ ಬಾರದಿದ್ದರೆ ಕೊಡದ ನೀರನ್ನು ತಂಬಿಗೆಯಿಂದ ಸಣ್ಣಗೆ ಸುರಿಯುತ್ತಿರಿ. ಐಸ್ ಮಾತ್ರ ಬೇಡ, ಸುಟ್ಟ ಚರ್ಮ ಮತ್ತಷ್ಟು ಹಾಳಾಗುತ್ತದೆ.

ಕುಕ್ಕರಿನ ಆವಿ ತಾಗಿದರೂ ಇದೇ ಕ್ರಮ. ಆವಿ ಸುಟ್ಟದ್ದು ಮೊದಲು ಬರೀ ಕೆಂಪಗೆ ಕಾಣುತ್ತದೆ, ಬೊಬ್ಬೆ ಏಳುವುದು ತಡವಾಗಿ. ಹಾಗಾಗಿ ಹಗುರಾಗಿ ಎಣಿಸಬೇಡಿ.

ತಂಪಾದ ಮೇಲೆ ಒಗೆದ ಹತ್ತಿಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಬೊಬ್ಬೆ ಒಡೆಯಬೇಡಿ, ಅದರ ಕೆಳಗೇ ಹೊಸ ಚರ್ಮ ಬರಬೇಕು. ಅಂಗೈಯಲ್ಲಿ, ಬೆರಳ ಗೆಣ್ಣಿನ ಮೇಲೆ ಬೊಬ್ಬೆ ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಟಿಟಿ ಇಂಜೆಕ್ಷನ್ ಬೇಕೇ ಎಂದೂ ಕೇಳಿ. ಸುಟ್ಟ ಜಾಗ ಬೆಳ್ಳಗಾಗಿ, ಮುಟ್ಟಿದರೂ ನೋವೇ ಇಲ್ಲವೆಂದರೆ ಸಮಾಧಾನಪಡಬೇಡಿ. ಅದು ಆಳಕ್ಕೆ ಸುಟ್ಟ ಗುರುತು. ನೀರು ಹಾಕುತ್ತಲೇ ಯಾರಿಗಾದರೂ ಗಾಡಿ ತರಲು ಹೇಳಿ, ಇಲ್ಲವೇ 108ಕ್ಕೆ ಫೋನ್ ಮಾಡಿಸಿ.